ಹುದ್ದೆ ಭರ್ತಿಯಾಗಿದೆ: ಈ ಸುದ್ದಿ ತಡವಾಗುವುದೇಕೆ?

ಬೆಂಗಳೂರಿನ ಪೀಣ್ಯದಲ್ಲಿರುವ ಒಂದು ಮಧ್ಯಮ ಗಾತ್ರದ ಕಾರ್ಖಾನೆಗೆ ಅಕೌಂಟೆಂಟ್ ಬೇಕಾಗಿದ್ದಾರೆ ಎಂದುಕೊಳ್ಳೋಣ. ಇರುವುದು ಒಂದೇ ಹುದ್ದೆ. ಜೂನ್ 1ಕ್ಕೆ ಜಾಹೀರಾತು ಹೊರಬೀಳುತ್ತದೆ, 180 ಅರ್ಜಿ ಬರುತ್ತವೆ. ಅವರಲ್ಲಿ ಐವರನ್ನು ಜೂನ್ 20ರಂದು ಸಂದರ್ಶನಕ್ಕೆ ಕರೆಯುತ್ತಾರೆ. ಜೂನ್ 25ರಂದು ಒಬ್ಬರಿಗೆ ಆಫರ್ ಲೆಟರ್ ಹೋಗುತ್ತದೆ, ಅವರು ಒಪ್ಪಿ ಸಹಿಯನ್ನೂ ಹಾಕುತ್ತಾರೆ.

ಉಳಿದ 179 ಮಂದಿಯ ಲೆಕ್ಕದಲ್ಲಿ ಹುದ್ದೆ ಅಂದೇ ಭರ್ತಿಯಾಯಿತು. ಎಚ್‌ಆರ್ ವಿಭಾಗದ ಲೆಕ್ಕದಲ್ಲಿ ಇನ್ನೂ ಆಗಿಲ್ಲ.

ಕಾರಣ ನೋಟಿಸ್ ಪೀರಿಯಡ್. ಆಯ್ಕೆಯಾದವರು ಜೂನ್ 27ಕ್ಕೆ ಹಳೆಯ ಕಂಪನಿಗೆ ರಾಜೀನಾಮೆ ಕೊಟ್ಟರೂ ಅಲ್ಲಿ 60 ದಿನ ದುಡಿಯಬೇಕು ಎಂಬ ಕರಾರಿದ್ದರೆ ಬಿಡುಗಡೆ ಸಿಗುವುದು ಆಗಸ್ಟ್ 26ಕ್ಕೆ. ಐಟಿ ಕಂಪನಿಗಳಲ್ಲಿ ಈ ಅವಧಿ 90 ದಿನವೂ ಇರುತ್ತದೆ. ಅಷ್ಟರೊಳಗೆ ಹಳೆಯ ಕಂಪನಿ ಸಂಬಳ ಹೆಚ್ಚಿಸಿ ಉಳಿಸಿಕೊಳ್ಳಬಹುದು, ಇಲ್ಲವೇ ಇನ್ನೊಂದು ಕಂಪನಿ ಹೆಚ್ಚು ಹಣ ತೋರಿಸಿ ಸೆಳೆಯಬಹುದು. ಸಹಿ ಹಾಕಿದವರು ಕೆಲಸಕ್ಕೆ ಸೇರುವ ದಿನ ಬಾರದೇ ಹೋಗುವುದು, ಫೋನನ್ನೂ ಎತ್ತದಿರುವುದು ರಿಕ್ರೂಟರ್‌ಗಳಿಗೆ ಹೊಸದೇನಲ್ಲ. ಹಾಗಾದರೆ ಎಲ್ಲವನ್ನೂ ಮೊದಲಿಂದ ಶುರು ಮಾಡಬೇಕಾಗುತ್ತದೆ. ಆ ಭಯಕ್ಕೆ ಸಂದರ್ಶನದಲ್ಲಿ ಎರಡನೆಯವರಾಗಿ ಬಂದವರನ್ನು ‘ಹೋಲ್ಡ್’ನಲ್ಲಿ ಇಡುತ್ತಾರೆ. ಅವರಿಗೆ ಆಗಿಲ್ಲ ಎಂದೂ ಹೇಳುವುದಿಲ್ಲ, ಆಗಿದೆ ಎಂದೂ ಹೇಳುವುದಿಲ್ಲ. ಜಾಹೀರಾತನ್ನೂ ತೆಗೆಯದೆ ಬಿಡುವುದುಂಟು.

ಕಂಪನಿಯ ಆತಂಕ ನಿಜವಾದದ್ದೇ. ಆದರೆ ಅದರ ಭಾರವನ್ನೆಲ್ಲ 179 ಮಂದಿಯ ಮೇಲೆ ಹೊರಿಸುವುದು ಅನ್ಯಾಯ. ಏಕೆಂದರೆ ಇವರೆಲ್ಲರ ಸ್ಥಿತಿ ಒಂದೇ ಅಲ್ಲ. ಸಂದರ್ಶನಕ್ಕೇ ಕರೆಯದ 175 ಮಂದಿಯನ್ನು ಮುಂದೆ ಕರೆಯುವ ಯೋಚನೆಯೇ ಇಲ್ಲದಿದ್ದರೆ ಶಾರ್ಟ್‌ಲಿಸ್ಟ್ ಸಿದ್ಧವಾದ ದಿನವೇ ಅವರಿಗೆ ತಿಳಿಸಬಹುದು. ಅರ್ಜಿಗಳನ್ನು ನಿಭಾಯಿಸುವ ಸಾಫ್ಟ್‌ವೇರ್ ಇದ್ದರೆ ಹೆಸರುಗಳನ್ನು ಒಟ್ಟಿಗೆ ಆರಿಸಿ ಒಂದೇ ಬಾರಿಗೆ ಮೇಲ್ ಕಳಿಸಲು ಹೆಚ್ಚು ಹೊತ್ತು ಬೇಡ. ಸಂದರ್ಶನಕ್ಕೆ ಬಂದು ಆಯ್ಕೆಯ ಸಮೀಪಕ್ಕೂ ಬಾರದ ಮೂವರಿಗೆ ಆಫರ್ ಒಪ್ಪಿಗೆಯಾದ ಮೇಲೆ ಹೇಳಬಹುದು. ಅವರು ರಜೆ ಹಾಕಿ, ಬಸ್ಸು ಹಿಡಿದು ಬಂದವರು. ಫೋನ್ ಮಾಡಿ ಹೇಳಿದರೆ ಒಳ್ಳೆಯದು.

ನಿಜವಾಗಿ ಕಷ್ಟವಿರುವುದು ಎರಡನೆಯವರ ವಿಷಯದಲ್ಲಿ ಮಾತ್ರ. ಅವರಿಗೂ ಇದ್ದುದನ್ನು ಇದ್ದ ಹಾಗೆ ಹೇಳುವುದೇ ಸರಿ: “ಒಬ್ಬರಿಗೆ ಆಫರ್ ಕೊಟ್ಟಿದ್ದೇವೆ, ಆಗಸ್ಟ್ 28ಕ್ಕೆ ಸೇರುವವರಿದ್ದಾರೆ. ಅವರು ಬಾರದಿದ್ದರೆ ನಿಮಗೇ ಮೊದಲು ಕರೆ ಮಾಡುತ್ತೇವೆ. ಅಲ್ಲಿಯವರೆಗೆ ನಮಗಾಗಿ ಬೇರೆ ಅವಕಾಶ ಬಿಡಬೇಡಿ.” ಇಷ್ಟು ತಿಳಿದರೆ ಅವರು ತಮ್ಮ ನಿರ್ಧಾರ ತಾವು ಮಾಡಿಕೊಳ್ಳುತ್ತಾರೆ.

ಆಗಸ್ಟ್ 28ರಂದು ಹೊಸಬರು ಬಂದು ಸೇರಿದ ಮೇಲೆ ಕಳಿಸುವ ಕೊನೆಯ ಸಂದೇಶ ಚಿಕ್ಕದಾಗಿದ್ದರೆ ಸಾಕು:

“ನಮಸ್ಕಾರ. ಅಕೌಂಟೆಂಟ್ ಹುದ್ದೆಗೆ ನೀವು ಜೂನ್‌ನಲ್ಲಿ ಅರ್ಜಿ ಹಾಕಿದ್ದಿರಿ. ಈ ಹುದ್ದೆ ಭರ್ತಿಯಾಗಿದೆ. ಇಂದಿನಿಂದ ಜಾಹೀರಾತನ್ನು ಮುಚ್ಚಿದ್ದೇವೆ, ಹೊಸ ಅರ್ಜಿ ಸ್ವೀಕರಿಸುವುದಿಲ್ಲ. ಮುಂದೆ ಬೇರೆ ಹುದ್ದೆ ಖಾಲಿಯಾದರೆ ಹೊಸದಾಗಿ ಅರ್ಜಿ ಹಾಕಬೇಕಾಗುತ್ತದೆ.”

ಯಾವ ಹುದ್ದೆ, ಏನಾಯಿತು, ಮುಂದೇನು ಎಂಬ ಮೂರೂ ಇದರಲ್ಲಿವೆ. ‘ನಿಮ್ಮ ವಿವರ ನಮ್ಮಲ್ಲಿ ಇಟ್ಟುಕೊಂಡಿರುತ್ತೇವೆ’ ಎಂಬ ಮಾತನ್ನು, ಹಳೆಯ ಅರ್ಜಿಗಳನ್ನು ನಿಜವಾಗಿ ತೆರೆದು ನೋಡುವ ಕಂಪನಿ ಮಾತ್ರ ಬರೆಯಬೇಕು. ಆಯ್ಕೆಯಾದವರ ಹೆಸರು ಇಲ್ಲಿಗೆ ಬೇಡ.

ಮೇಲ್ ಹೋದರೂ ಜಾಹೀರಾತು ಉಳಿದುಬಿಡುವುದು ಇನ್ನೊಂದು ತೊಡಕು. ಕಂಪನಿ ತನ್ನ ಪುಟದಿಂದ ಅದನ್ನು ತೆಗೆದರೂ ಬೇರೆ ಉದ್ಯೋಗ ತಾಣಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಅದರ ನಕಲು ಓಡಾಡುತ್ತಿರುತ್ತದೆ. ಅದನ್ನೇ ಹಿಡಿದು ನೋಂದಣಿ ಶುಲ್ಕ ಕೇಳುವ ಮೋಸಗಾರರೂ ಇದ್ದಾರೆ. ಆದ್ದರಿಂದ ಪುಟವನ್ನು ಸುಮ್ಮನೆ ಅಳಿಸುವುದಕ್ಕಿಂತ ‘ಭರ್ತಿಯಾಗಿದೆ’ ಎಂದು ತಾರೀಕು ಸಮೇತ ಕೆಲವು ದಿನ ಬಿಡುವುದು ಮೇಲು. ಹುಡುಕಿಕೊಂಡು ಬಂದವರಿಗೆ ಕಂಪನಿಯಿಂದಲೇ ಉತ್ತರ ಸಿಗುತ್ತದೆ.

ಕೆನಡಾದ ಒಂಟಾರಿಯೊ ಪ್ರಾಂತ್ಯ ಇದರಲ್ಲಿ ಒಂದು ಭಾಗವನ್ನು ಕಾನೂನಾಗಿಯೇ ಮಾಡಿದೆ. ಸಾರ್ವಜನಿಕವಾಗಿ ಜಾಹೀರಾತು ಕೊಟ್ಟ ಹುದ್ದೆಗೆ ಸಂದರ್ಶನ ಮಾಡಿದರೆ, ಆಯ್ಕೆಯ ನಿರ್ಧಾರವಾಗಿದೆಯೇ ಎಂಬುದನ್ನು ಕೊನೆಯ ಸಂದರ್ಶನದಿಂದ 45 ದಿನದೊಳಗೆ ಅಭ್ಯರ್ಥಿಗೆ ತಿಳಿಸಬೇಕು. 2026ರ ಜನವರಿ 1ರಿಂದ ಜಾರಿಗೆ ಬಂದ ಈ ನಿಯಮ 25 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಪೀಣ್ಯದ ಉದಾಹರಣೆಗೆ ಇದನ್ನು ಹೊಂದಿಸಿದರೆ ಗಡುವು ಆಗಸ್ಟ್ 4. ಹೊಸಬರು ಸೇರುವ ಮುನ್ನವೇ ಐವರಿಗೂ ವಿಷಯ ಗೊತ್ತಾಗಿರುತ್ತಿತ್ತು. ಆದರೆ ಬರೀ ಅರ್ಜಿ ಹಾಕಿದ 175 ಮಂದಿಗೆ ಉತ್ತರ ಕೊಡಬೇಕೆಂದು ಆ ಕಾನೂನೂ ಹೇಳುವುದಿಲ್ಲ. ಅದು ಅಲ್ಲಿಯೂ ಕಂಪನಿಯ ಸೌಜನ್ಯಕ್ಕೆ ಬಿಟ್ಟದ್ದು.