ಒಂಬತ್ತು ಅಂಕಿಗಳ ಪ್ಯಾರಾ, ಆರು ಅಂಕಿಗಳ ಕೋಷ್ಟಕ

ಕಚೇರಿಗಳಲ್ಲಿ ಓಡಾಡುವ ಮಾರಾಟ ವರದಿಗಳನ್ನು ಸಾಮಾನ್ಯವಾಗಿ ಗದ್ಯದಲ್ಲೇ ಬರೆದಿರುತ್ತಾರೆ. ಓದಲು ಅಡ್ಡಿಯಿಲ್ಲ. ಆದರೆ ಮೀಟಿಂಗಿನಲ್ಲಿ ತೋರಿಸಲು ಚಾರ್ಟ್ ಬೇಕು ಎಂದಾಗ ಆ ಗದ್ಯದಿಂದ ಕೋಷ್ಟಕ ತೆಗೆಯುವ ಕೆಲಸ ಯಾರಾದರೊಬ್ಬರ ಪಾಲಿಗೆ ಬರುತ್ತದೆ. ಕಂಡ ಅಂಕಿಗಳನ್ನೆಲ್ಲ ಎಕ್ಸೆಲ್‌ಗೆ ತುಂಬಿದರೆ ಚಾರ್ಟೇನೋ ಬರುತ್ತದೆ, ಆದರೆ ಅದರ ಮಾತನ್ನು ನಂಬುವಂತಿರುವುದಿಲ್ಲ.

ಉದಾಹರಣೆಗೆಂದೇ ಕಟ್ಟಿದ ಒಂದು ಪ್ಯಾರಾ ಇಲ್ಲಿದೆ. ಮಸಾಲೆ ಪುಡಿ ತಯಾರಿಸುವ ಒಂದು ಚಿಕ್ಕ ಘಟಕದ ವರದಿ ಎಂದಿಟ್ಟುಕೊಳ್ಳಿ.

"ಏಪ್ರಿಲ್–ಜೂನ್ ಅವಧಿಯಲ್ಲಿ ಒಟ್ಟು ಮಾರಾಟ 42 ಲಕ್ಷ ರೂ. ಇದರಲ್ಲಿ ಸಾಂಬಾರ್ ಪುಡಿಯದು 18 ಲಕ್ಷ, ರಸಂ ಪುಡಿಯದು 9.5 ಲಕ್ಷ, ಉಳಿದದ್ದು ಚಟ್ನಿಪುಡಿಯದು. ಜುಲೈ–ಸೆಪ್ಟೆಂಬರ್‌ನಲ್ಲಿ ಸಾಂಬಾರ್ ಪುಡಿ ಶೇ 10ರಷ್ಟು ಏರಿಕೆ ಕಂಡು ಬೆಳವಣಿಗೆಯಲ್ಲಿ ಎಲ್ಲಕ್ಕಿಂತ ಮುಂದಿದೆ. ಕಳೆದ ವರ್ಷ ಇದೇ ಅವಧಿಯಲ್ಲಿ ಅದರ ಮಾರಾಟ 17 ಲಕ್ಷ ಇತ್ತು. ರಸಂ ಪುಡಿ 8,75,000 ರೂ.ಗೆ ಇಳಿದರೆ ಚಟ್ನಿಪುಡಿ 16 ಲಕ್ಷ ಮುಟ್ಟಿತು. ಒಟ್ಟು 44.55 ಲಕ್ಷ ರೂ. ಆಗಿದ್ದು, ಮುಂದಿನ ತ್ರೈಮಾಸಿಕಕ್ಕೆ 50 ಲಕ್ಷದ ಗುರಿ ಇದೆ."

ಇದರಲ್ಲಿ ಒಂಬತ್ತು ಅಂಕಿಗಳಿವೆ, ಆದರೆ ಎಲ್ಲವೂ ಒಂದೇ ಜಾತಿಯವಲ್ಲ. 18, 9.5, 8,75,000 ಮತ್ತು 16 ಲಕ್ಷ ಒಂದೊಂದು ಪುಡಿಯ ಒಂದೊಂದು ಅವಧಿಯ ಮಾರಾಟ. 42 ಮತ್ತು 44.55 ಮೊತ್ತಗಳು. ಶೇ 10 ಬದಲಾವಣೆಯ ಪ್ರಮಾಣ. 17 ಲಕ್ಷ ಬೇರೆ ವರ್ಷದ್ದು. 50 ಲಕ್ಷ ಇನ್ನೂ ನಡೆಯದ ಮಾರಾಟ. ಚಾರ್ಟ್‌ಗೆ ಹೋಗುವ ಕೋಷ್ಟಕದಲ್ಲಿ ಒಂದು ಜಾತಿಯ ಅಂಕಿಗಳಷ್ಟೇ ಇರಬೇಕು. ಹಾಗಾಗಿ ಚಾರ್ಟ್ ಯಾವ ಪ್ರಶ್ನೆಗೆ ಉತ್ತರ ಹೇಳಬೇಕು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ನಮ್ಮ ಪ್ರಶ್ನೆ ಇದು: ಒಂದು ತ್ರೈಮಾಸಿಕದಿಂದ ಇನ್ನೊಂದಕ್ಕೆ ಯಾವ ಪುಡಿ ಏರಿತು, ಯಾವುದು ಇಳಿಯಿತು? ಇದಕ್ಕೆ ಮೂರು ಪುಡಿ, ಎರಡು ಅವಧಿ, ಅಂದರೆ ಆರು ಅಂಕಿ ಸಾಕು. ನಾಲ್ಕು ಕೈಯಲ್ಲಿವೆ, ಎರಡನ್ನು ಲೆಕ್ಕ ಹಾಕಿ ಪಡೆಯಬೇಕು.

ಮೊದಲನೆಯದು ಸುಲಭ. ಏಪ್ರಿಲ್–ಜೂನ್‌ನ ಚಟ್ನಿಪುಡಿ ಎಂದರೆ 42ರಲ್ಲಿ 18 ಮತ್ತು 9.5 ಕಳೆದು ಉಳಿದ 14.5 ಲಕ್ಷ.

ಎರಡನೆಯದು ತುಸು ತೊಡಕಿನದು. ಸಾಂಬಾರ್ ಪುಡಿ ಶೇ 10 ಏರಿತು ಎನ್ನುವ ವರದಿ ಯಾವುದಕ್ಕಿಂತ ಎಂದು ಹೇಳುವುದಿಲ್ಲ. ಹಿಂದಿನ ತ್ರೈಮಾಸಿಕದ 18 ಲಕ್ಷಕ್ಕಿಂತಲೋ, ಕಳೆದ ವರ್ಷದ 17 ಲಕ್ಷಕ್ಕಿಂತಲೋ? ಮೊದಲನೆಯದಾದರೆ 19.8 ಲಕ್ಷ, ಎರಡನೆಯದಾದರೆ 18.7 ಲಕ್ಷ. ಇಲ್ಲಿ ನೆರವಿಗೆ ಬರುವುದು ಆ ಅವಧಿಯ ಮೊತ್ತ. 19.8, 8.75 ಮತ್ತು 16 ಕೂಡಿದರೆ 44.55 ಬರುತ್ತದೆ, ವರದಿ ಹೇಳಿದ್ದೂ ಅಷ್ಟೇ. 18.7 ಹಾಕಿದರೆ 43.45 ಬಂದು ಲೆಕ್ಕ ತಪ್ಪುತ್ತದೆ. ಆದ್ದರಿಂದ ಹೋಲಿಕೆ ಹಿಂದಿನ ತ್ರೈಮಾಸಿಕದೊಂದಿಗೇ. ಎರಡೂ ಹೊಂದದಿದ್ದರೆ ನಾವೇ ಒಂದನ್ನು ಊಹಿಸುವ ಬದಲು ವರದಿ ಬರೆದವರನ್ನೇ ಕೇಳಬೇಕಾಗುತ್ತಿತ್ತು.

ಈ ಬಗೆಯ ತಾಳೆಗೆ ಒಂದು ಮಿತಿಯೂ ಇದೆ. ಜುಲೈ–ಸೆಪ್ಟೆಂಬರ್‌ನ ಮೊತ್ತ ನಿಜವಾಗಿಯೂ ಪರೀಕ್ಷೆಯಾಯಿತು, ಏಕೆಂದರೆ ಆ ಮೂರು ಅಂಕಿಗಳು ಮೊತ್ತದ ಹಂಗಿಲ್ಲದೆ ಸಿಕ್ಕವು. ಏಪ್ರಿಲ್–ಜೂನ್‌ನಲ್ಲಿ ಹಾಗಲ್ಲ. ಅಲ್ಲಿ ಚಟ್ನಿಪುಡಿಯ ಅಂಕಿಯನ್ನು ಮೊತ್ತದಿಂದಲೇ ಕಳೆದು ಪಡೆದಿದ್ದೇವೆ, ಮತ್ತೆ ಕೂಡಿದರೆ 42 ಬರದೆ ಇನ್ನೇನು ಬಂದೀತು? ರಸಂ ಪುಡಿಯ 9.5 ಎಂಬುದು 8.5ರ ಬದಲು ತಪ್ಪಾಗಿ ಅಚ್ಚಾಗಿದ್ದರೂ ಆ ಕೂಡಿಕೆ ಅದನ್ನು ಹಿಡಿಯಲಾರದು, ತಪ್ಪು ಸದ್ದಿಲ್ಲದೆ ಚಟ್ನಿಪುಡಿಯ ಖಾತೆಗೆ ಸೇರಿಬಿಡುತ್ತದೆ. ಆದ್ದರಿಂದ ಯಾವ ಅಂಕಿ ವರದಿಯಲ್ಲಿತ್ತು, ಯಾವುದು ಲೆಕ್ಕದಿಂದ ಬಂತು ಎಂಬುದನ್ನು ಕೋಷ್ಟಕದ ಪಕ್ಕದಲ್ಲಿ ಬರೆದಿಡುವುದು ಒಳ್ಳೆಯದು.

ಇನ್ನು ಅಳತೆಯ ಮಾತು. ವರದಿಯಲ್ಲಿ ರಸಂ ಪುಡಿ ಒಮ್ಮೆ 9.5 ಲಕ್ಷ, ಮತ್ತೊಮ್ಮೆ 8,75,000 ರೂ. ಎರಡನ್ನೂ ಹಾಗೇ ತುಂಬಿದರೆ 875000ದ ಕಂಬ ಮುಗಿಲು ಮುಟ್ಟಿ, ಉಳಿದವು ನೆಲಕ್ಕಂಟಿದ ಗೆರೆಗಳಾಗುತ್ತವೆ. ಆದ್ದರಿಂದ ಎಲ್ಲವನ್ನೂ ಲಕ್ಷಕ್ಕೆ ತರಬೇಕು: 8.75. ಈಗ ಕೋಷ್ಟಕ ಸಿದ್ಧ.

| ಉತ್ಪನ್ನ | ಏಪ್ರಿಲ್–ಜೂನ್ | ಜುಲೈ–ಸೆಪ್ಟೆಂಬರ್ |
|---|---|---|
| ಸಾಂಬಾರ್ ಪುಡಿ | 18 | 19.8 |
| ರಸಂ ಪುಡಿ | 9.5 | 8.75 |
| ಚಟ್ನಿಪುಡಿ | 14.5 | 16 |

ಸೆಲ್‌ಗಳಲ್ಲಿ ಬರಿಯ ಅಂಕಿ ಇರಬೇಕು. "18 ಲಕ್ಷ" ಎಂದು ಟೈಪ್ ಮಾಡಿದರೆ ಎಕ್ಸೆಲ್‌ಗೆ ಅದು ಸಂಖ್ಯೆಯಲ್ಲ, ಪದ. `SUM` ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಚಾರ್ಟ್‌ನಲ್ಲಿ ಅದರ ಕಂಬವೂ ಏಳುವುದಿಲ್ಲ. ಇದನ್ನು ಕಣ್ಣಿನಲ್ಲೇ ಪತ್ತೆ ಹಚ್ಚಬಹುದು: ಬೇರೆ ಜೋಡಣೆ ಮಾಡಿರದಿದ್ದರೆ ಸಂಖ್ಯೆಗಳು ಸೆಲ್‌ನ ಬಲಕ್ಕೆ ಸರಿದು ಕೂರುತ್ತವೆ, ಪದಗಳು ಎಡಕ್ಕೆ. "ಲಕ್ಷ ರೂ." ಎಂಬುದು ಚಾರ್ಟ್‌ನ ತಲೆಬರಹಕ್ಕೆ ಸೇರಿದ್ದು. ಅವಧಿಯನ್ನೂ ತಿಂಗಳ ಹೆಸರಿನಿಂದಲೇ ಬರೆಯಿರಿ. ಚಿಕ್ಕದಾಗಲಿ ಎಂದು `4-6` ಎಂದು ಹಾಕಿದರೆ ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತದೆ.

ಒಟ್ಟು ಮೊತ್ತದ ಸಾಲನ್ನು ಬೇಕೆಂದೇ ಬಿಟ್ಟಿದ್ದೇವೆ. ಅದು ಸೇರಿದರೆ 42 ಮತ್ತು 44.55ರ ಎತ್ತರದ ಕಂಬಗಳ ಮುಂದೆ ರಸಂ ಪುಡಿಯ ಇಳಿಕೆ ಕಾಣಿಸದಷ್ಟು ಕುಗ್ಗುತ್ತದೆ. ತಾಳೆಗೆ ಬೇಕಿದ್ದರೆ ಒಂದು ಸಾಲು ಖಾಲಿ ಬಿಟ್ಟು ಕೆಳಗೆ `=SUM(B2:B4)` ಎಂದು ಹಾಕಿ, ಚಾರ್ಟ್‌ಗಾಗಿ ಮೇಲಿನ ನಾಲ್ಕು ಸಾಲುಗಳನ್ನಷ್ಟೇ ಆರಿಸಿ.

ಪುಡಿಗಳು ಅಡ್ಡಸಾಲಿನಲ್ಲಿ, ಅವಧಿಗಳು ಕಾಲಂನಲ್ಲಿ ಏಕೆ? ಹೀಗಿದ್ದರೆ ಕಂಬದ ಚಾರ್ಟ್‌ನಲ್ಲಿ ಒಂದೇ ಪುಡಿಯ ಎರಡು ಅವಧಿಗಳು ಅಕ್ಕಪಕ್ಕ ನಿಲ್ಲುತ್ತವೆ, ಏರಿಳಿತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಒಂದು ಅವಧಿಯೊಳಗೆ ಪುಡಿಗಳನ್ನು ಹೋಲಿಸುವುದು ಮುಖ್ಯವಾದರೆ `Switch Row/Column` ಒತ್ತಿ ತಿರುಗಿಸಬಹುದು. ಯಾವುದೇ ಆದರೂ ಕಂಬಗಳ ಅಕ್ಷ ಸೊನ್ನೆಯಿಂದಲೇ ಶುರುವಾಗಲಿ. 8ರಿಂದ ಶುರು ಮಾಡಿದರೆ ರಸಂ ಪುಡಿಯ ಕಂಬ ಅರ್ಧಕ್ಕೆ ಇಳಿದಂತೆ ಕಾಣುತ್ತದೆ, ನಿಜವಾದ ಇಳಿಕೆ ಶೇ 8ರ ಆಸುಪಾಸು.

ಆರು ಅಂಕಿಗಳು ಒಂದೆಡೆ ನಿಂತ ಮೇಲೆ ವರದಿಯ ಮಾತನ್ನೂ ಒರೆಗೆ ಹಚ್ಚಬಹುದು. ಸಾಂಬಾರ್ ಪುಡಿ ಬೆಳವಣಿಗೆಯಲ್ಲಿ ಎಲ್ಲಕ್ಕಿಂತ ಮುಂದಿದೆ ಎಂದಿತ್ತಲ್ಲ? ರೂಪಾಯಿ ಲೆಕ್ಕದಲ್ಲಿ ಅದು ಸರಿ: ಸಾಂಬಾರ್ ಪುಡಿ 1.8 ಲಕ್ಷ ಏರಿದರೆ ಚಟ್ನಿಪುಡಿ 1.5 ಲಕ್ಷ ಏರಿದೆ. ಶೇಕಡಾ ಲೆಕ್ಕದಲ್ಲಿ ನೋಡಿದರೆ ಚಟ್ನಿಪುಡಿಯ ಏರಿಕೆ 10.3, ಸಾಂಬಾರ್ ಪುಡಿಯದು 10. ವರದಿ ಶೇಕಡಾವಾರು ಏರಿಕೆ ಕೊಟ್ಟದ್ದು ಸಾಂಬಾರ್ ಪುಡಿಗೆ ಮಾತ್ರ, ಚಟ್ನಿಪುಡಿಯ ಹಳೆಯ ಅಂಕಿ "ಉಳಿದದ್ದು" ಎಂಬ ಒಂದು ಪದದೊಳಗೆ ಅಡಗಿತ್ತು. ಆದ್ದರಿಂದ ಚಾರ್ಟ್‌ನ ತಲೆಬರಹಕ್ಕೆ ವರದಿಯ ಆ ವಾಕ್ಯವನ್ನು ಎತ್ತಿ ಹಾಕಬೇಡಿ. "ಸಾಂಬಾರ್, ಚಟ್ನಿಪುಡಿ ಸರಿಸಮವಾಗಿ ಏರಿಕೆ, ರಸಂ ಪುಡಿ ಇಳಿಕೆ (ಲಕ್ಷ ರೂ.)" ಎಂದು ಬರೆದರೆ ಕಂಬಗಳು ತೋರಿಸುವುದನ್ನೇ ಹೇಳಿದಂತಾಗುತ್ತದೆ.