ಮಾಲಿಕರ ಪತ್ರ: ಸಂಜೆಯ ಚೀಟಿಗೆ ವಿದಾಯ

ಪುಣೆಯ ಭೋಸರಿಯಲ್ಲಿ ಯಂತ್ರಭಾಗಗಳ ಕಾರ್ಖಾನೆಯೊಂದರ ಮಾಲಿಕರು ಕೆಲಸಗಾರರಿಗೆ ಪತ್ರ ಬರೆದಿದ್ದಾರೆ. ಉಗ್ರಾಣ, ಖರೀದಿ, ಲೆಕ್ಕಪತ್ರಗಳನ್ನು ಒಂದೇ ಖಾತೆಗೆ ತರುವ ಇ.ಆರ್.ಪಿ. ಎಂಬ ಗಣಕ ವ್ಯವಸ್ಥೆ ಅಲ್ಲಿಗೆ ಬರಲಿದೆ.

“ಇದುವರೆಗೆ ಸರಕು ಬೆಳಿಗ್ಗೆ ಹೊರಡುತ್ತಿತ್ತು, ಚೀಟಿಯನ್ನು ಸಂಜೆ ಬರೆಯುತ್ತಿದ್ದೆವು. ಇನ್ನು ಸರಕು ಕೊಡುವ ಗಳಿಗೆಯಲ್ಲೇ ದಾಖಲಿಸತಕ್ಕದ್ದು. 100 ಸರಳುಗಳಲ್ಲಿ 60 ಹೋದವೆನ್ನಿ. ದಾಖಲಿಸದಿದ್ದರೆ ಗಣಕವು 100 ಇವೆಯೆಂದೇ ತಿಳಿದು ಖರೀದಿಗೆ ಸೂಚನೆ ಕೊಡದು. ನಾಳೆ 50 ಬೇಕಾದಾಗ 40 ಮಾತ್ರವಿದ್ದು ಯಂತ್ರ ನಿಲ್ಲುವುದು. ಆರಂಭದ ಮುನ್ನಾದಿನ ಸರಕನ್ನೆಲ್ಲ ಎಣಿಸುವೆವು. ಹಳೆಯ ಪುಸ್ತಕದ ಅಂಕಿಯನ್ನಲ್ಲ, ಎಣಿಸಿದ್ದನ್ನೇ ತುಂಬುವೆವು.”

ಹೋಟೆಲಿನ ಉಗ್ರಾಣ ಕಂಡವರಿಗೆ ಈ ಮಾತು ಒಡನೆ ತಿಳಿದೀತು. ಆದರೆ ಸಂಜೆ ಚೀಟಿ ಬರೆಯುತ್ತಿದ್ದ ಗುಮಾಸ್ತರಿಗೆ ಮುಂದೇನು ಕೆಲಸವೆಂಬುದನ್ನು ಪತ್ರ ಹೇಳಿಲ್ಲ.