ಸೆಲ್ ಹಾಕಿಸಿದ್ದಾಯಿತು, ವಾಷರ್?

ಕ್ವಾರ್ಟ್ಜ್ ವಾಚಿನ ಸೆಲ್ ಸಾಮಾನ್ಯವಾಗಿ ಎರಡು ಮೂರು ವರ್ಷ ಬಾಳುತ್ತದೆ. ಕೆಲವು ವಾಚುಗಳಲ್ಲಿ ಅದು ಮುಗಿಯುವ ಮುನ್ನ ಸೆಕೆಂಡ್ ಮುಳ್ಳು ಒಂದೊಂದೇ ಹೆಜ್ಜೆ ಇಡುವುದನ್ನು ಬಿಟ್ಟು ಎರಡು ಅಥವಾ ನಾಲ್ಕು ಸೆಕೆಂಡಿಗೊಮ್ಮೆ ನೆಗೆಯುತ್ತದೆ. ಉಳಿದವು ಹೇಳದೆ ಕೇಳದೆ ನಿಲ್ಲುತ್ತವೆ. ಆಗ ಬಸ್ ನಿಲ್ದಾಣದ ಪಕ್ಕದ ಅಂಗಡಿಗೆ ಹೋದರೆ ಐದು ನಿಮಿಷದ ಕೆಲಸ. ವಾಚು ಓಡುತ್ತದೆ, ಗಿರಾಕಿ ಹೊರಡುತ್ತಾನೆ. ಎರಡು ತಿಂಗಳ ಮೇಲೆ ಮಳೆಯಲ್ಲಿ ನೆನೆದ ದಿನ ಗಾಜಿನ ಒಳಗೆ ಮಂಜು ಕಟ್ಟಿದಾಗ ಬೈಗುಳ ತಿನ್ನುವುದು ಕಂಪನಿ. ತಪ್ಪು ಬಹಳ ಸಲ ನಡೆದಿರುವುದು ಆ ಐದು ನಿಮಿಷದಲ್ಲೇ.

ಬ್ಯಾಕ್ ಕವರ್ ಮತ್ತು ಕೇಸಿನ ನಡುವೆ ತೆಳ್ಳಗಿನ ಕಪ್ಪು ರಬ್ಬರ್ ಬಳೆಯೊಂದು ಕೂತಿರುತ್ತದೆ. ಅದೇ ಗ್ಯಾಸ್ಕೆಟ್, ರಿಪೇರಿಯವರ ಬಾಯಲ್ಲಿ ವಾಷರ್. ಹೆಚ್ಚಾಗಿ ನೈಟ್ರೈಲ್ ರಬ್ಬರಿನದು. ಕವರ್ ಒತ್ತಿದಾಗ ಅದು ಚಪ್ಪಟೆಯಾಗಿ ಸಂದನ್ನೆಲ್ಲ ತುಂಬುತ್ತದೆ, ಮರಳಿ ಉಬ್ಬಲು ಹವಣಿಸುತ್ತಲೇ ಇರುತ್ತದೆ. ನೀರನ್ನು ತಡೆಯುವುದು ಈ ಒತ್ತಡ. ಆದರೆ ವರ್ಷಗಟ್ಟಲೆ ಒತ್ತಿಕೊಂಡಿದ್ದ ರಬ್ಬರ್ ಆ ಆಕಾರಕ್ಕೇ ಒಗ್ಗಿಬಿಡುತ್ತದೆ. ಒಮ್ಮೆ ತೆರೆದ ಮೇಲೆ ಹಿಂದಿನ ಜಾಗದಲ್ಲೇ, ಹಿಂದಿನ ಬಿಗಿಯಲ್ಲೇ ಅದು ಕೂರುವ ಖಾತ್ರಿಯಿಲ್ಲ.

ಒಂದು ಸಾಧಾರಣ ವಾಚನ್ನೇ ನೋಡೋಣ. ಹಿಂಬದಿಯಲ್ಲಿ 30 ಮೀಟರ್ ಎಂದು ಬರೆದಿದೆ, ಕವರ್ ಒತ್ತಿ ಕೂರಿಸುವ ಬಗೆಯದು, ಸೆಲ್ಲಿನ ನಂಬರ್ 377. ಎಸ್‌ಆರ್ 626 ಎಸ್‌ಡಬ್ಲ್ಯು ಎಂದರೂ ಅದೇ: 1.55 ವೋಲ್ಟ್, ಸಿಲ್ವರ್ ಆಕ್ಸೈಡ್. ಇದೇ ಅಳತೆಯ ಅಗ್ಗದ ಆಲ್ಕಲೈನ್ ಸೆಲ್ಲೂ ಗೂಡಿನಲ್ಲಿ ಸರಿಯಾಗಿ ಕೂರುತ್ತದೆ. ಆದರೆ ಬೇಗ ಮುಗಿಯುತ್ತದೆ, ಸೋರುವ ಭಯವೂ ಹೆಚ್ಚು.

ಬಲ್ಲ ಕೈ ಕೇಸಿನ ಅಂಚಿನಲ್ಲಿ ಸಣ್ಣ ಸಂದನ್ನು ಹುಡುಕಿ, ಅಲ್ಲಿ ಮೊಂಡು ಅಲಗು ಇಟ್ಟು ಮೀಟುತ್ತದೆ. ಕವರ್ ಬಿಡಿಸಿ, ಪ್ಲಾಸ್ಟಿಕ್ ಚಿಮಟದಿಂದ ಹಳೆಯ ಸೆಲ್ ಎತ್ತುತ್ತದೆ. ಲೋಹದ ಚಿಮಟ ಎರಡೂ ಬದಿ ತಾಗಿದರೆ ಸೆಲ್ ಶಾರ್ಟ್ ಆಗುತ್ತದೆ. ಪಕ್ಕದಲ್ಲೇ ಕೂದಲಿಗಿಂತ ಸಣ್ಣ ತಾಮ್ರದ ತಂತಿಯ ಕಾಯಿಲ್ ಇದೆ. ಸ್ಕ್ರೂಡ್ರೈವರ್ ಜಾರಿ ಅದಕ್ಕೆ ಗೀರಿದರೆ ಸೆಲ್ ಹಾಕಲು ಬಂದ ವಾಚಿಗೆ ಮಷಿನ್ನೇ ಬೇಕಾಗುತ್ತದೆ.

ಈಗ ವಾಷರ್ ಸರದಿ. ಅದನ್ನು ಹೊರತೆಗೆದು ಬೆಳಕಿಗೆ ಹಿಡಿದು ಸುತ್ತಲೂ ನೋಡಬೇಕು. ದುಂಡಗಿದ್ದ ಎಳೆ ಪಟ್ಟಿಯಂತಾಗಿದ್ದರೆ, ಮೆಲ್ಲಗೆ ಎಳೆದಾಗ ಬಿರುಕು ಕಂಡರೆ, ಬೆರಳಿಗೆ ಕಪ್ಪು ಜಿಗುಟು ಅಂಟಿದರೆ ಅದರ ಆಯಸ್ಸು ತೀರಿತು. ಹೊಸದು ಒಳವ್ಯಾಸ, ದಪ್ಪ ಎರಡರಲ್ಲೂ ಹೊಂದಬೇಕು. ದಪ್ಪ ಹೆಚ್ಚಾದರೆ ಕವರ್ ಕೂರುವುದಿಲ್ಲ, ಬಲವಂತ ಮಾಡಿದರೆ ಮುಂದಿನ ಗಾಜು ಒಡೆಯುವುದೂ ಉಂಟು. ಕಡಿಮೆಯಾದರೆ ಕವರ್ ಚೆನ್ನಾಗಿಯೇ ಕೂರುತ್ತದೆ, ನೀರು ಮಾತ್ರ ನಿಲ್ಲುವುದಿಲ್ಲ. ಈ ಎರಡನೆಯದೇ ಅಪಾಯಕಾರಿ, ಏಕೆಂದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

ವಾಷರ್ ಕೂರುವ ಕಾಲುವೆಯಲ್ಲಿ ಬೆವರಿನ ಉಪ್ಪು, ಮಣ್ಣು ಗಟ್ಟಿಯಾಗಿ ಅಂಟಿರುತ್ತದೆ. ಚೂಪು ಮಾಡಿದ ಮರದ ಕಡ್ಡಿಯಿಂದ ಅದನ್ನು ಕೆರೆದು ತೆಗೆಯದೆ ಹೊಸ ವಾಷರ್ ಹಾಕಿ ಫಲವಿಲ್ಲ. ಆಮೇಲೆ ಸಿಲಿಕೋನ್ ಗ್ರೀಸು, ಅದೂ ರಬ್ಬರ್ ಮೇಲೆ ಹೊಳಪು ಬರುವಷ್ಟು ಮಾತ್ರ. ಮುಚ್ಚಿದ ಮೇಲೆ ಸಂದಿನಿಂದ ರಬ್ಬರಿನ ಒಂದು ಎಳೆ ಇಣುಕಿದರೂ ವಾಷರ್ ಕಚ್ಚಿಕೊಂಡಿದೆ ಎಂದರ್ಥ. ಮತ್ತೆ ತೆರೆಯಲೇಬೇಕು.

ಪರೀಕ್ಷೆಯ ಯಂತ್ರ ಇರುವುದು ದೊಡ್ಡ ಸರ್ವಿಸ್ ಸೆಂಟರುಗಳಲ್ಲಿ. ಅದು ವಾಚಿನ ಸುತ್ತ ಗಾಳಿಯ ಒತ್ತಡ ಏರಿಸಿ, ಕೇಸು ಎಷ್ಟು ಕುಗ್ಗುತ್ತದೆ, ಹಾಗೇ ನಿಲ್ಲುತ್ತದೆಯೇ ಎಂದು ಅಳೆಯುತ್ತದೆ. ಗಾಳಿ ಒಳಗೆ ನುಸುಳುತ್ತಿದ್ದರೆ ಕುಗ್ಗಿದ್ದು ಮೆಲ್ಲಗೆ ಮೊದಲಿನಂತಾಗುತ್ತದೆ. ನೀರೇ ಸೋಕದ ಕಾರಣ, ಫೇಲಾದ ವಾಚಿಗೂ ಹಾನಿಯಿಲ್ಲ.

ವಾಷರ್ ಹೊಸದಾಯಿತೆಂದು ಈ ವಾಚು ಕಟ್ಟಿಕೊಂಡು ಈಜಲು ಇಳಿಯುವಂತಿಲ್ಲ. 30 ಮೀಟರ್ ಎಂದರೆ ಅಷ್ಟು ಆಳದ ನಿಂತ ನೀರಿನ ಒತ್ತಡ, ಅಂದರೆ 3 ಬಾರ್. ಬಳಕೆಯಲ್ಲಿ ಅದು ಕೈ ತೊಳೆಯುವಾಗ ಸಿಡಿಯುವ ಹನಿಗೆ, ಸಣ್ಣ ಮಳೆಗೆ ಸಾಕು. ಬಿಸಿನೀರಿನ ಸ್ನಾನವಂತೂ ಬೇಡ. ಕಾದ ವಾಚಿಗೆ ತಣ್ಣೀರು ಬಿದ್ದರೆ ಒಳಗಿನ ಗಾಳಿ ಕುಗ್ಗಿ ಹೊರಗಿನ ತೇವವನ್ನು ಒಳಕ್ಕೆಳೆಯುತ್ತದೆ. ಅಲ್ಲದೆ ಟೈಮ್ ತಿದ್ದುವ ಕೀ ಒಳಗೂ ಪುಟ್ಟ ವಾಷರುಗಳಿವೆ, ಗಾಜಿನ ಸುತ್ತಲೂ ಒಂದಿದೆ. ಬೆನ್ನಿನದನ್ನು ಬದಲಿಸಿದ ಮಾತ್ರಕ್ಕೆ ಅವು ಹೊಸದಾಗುವುದಿಲ್ಲ. ಒತ್ತಡದ ಪರೀಕ್ಷೆಯಲ್ಲಿ ವಾಚು ಫೇಲಾಗಿ, ಬೆನ್ನಿನ ವಾಷರ್ ಸರಿಯಿದ್ದರೆ ಮೊದಲು ಅನುಮಾನಿಸಬೇಕಾದದ್ದು ಎಳೆದು ತಿರುಗಿಸಿ ಸವೆಯುವ ಆ ಕೀಯನ್ನೇ.